ಲ್ಯಾಕ್ಟೋಸ್ ಇದ್ದರೂ ಲ್ಯಾಕ್ ಆಪರಾನ್ ಏಕೆ ಆನ್ ಆಗಲಿಲ್ಲ?

ಪ್ರಶ್ನೆ: ನಾವು ರಾಯಚೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಮೈಕ್ರೋಬಯಾಲಜಿ ವಿದ್ಯಾರ್ಥಿಗಳು. ಎಂ9 ಮಾಧ್ಯಮಕ್ಕೆ ಗ್ಲೂಕೋಸ್ 0.2%, ಲ್ಯಾಕ್ಟೋಸ್ 0.2% ಎರಡನ್ನೂ ಹಾಕಿ ಈ. ಕೋಲಿ ಬೆಳೆಸಿದೆವು. ಎರಡು ಗಂಟೆ ಬಿಟ್ಟು, ಬೀಟಾ-ಗ್ಯಾಲಕ್ಟೋಸಿಡೇಸ್ ಕಿಣ್ವ ಒಡೆದಾಗ ಹಳದಿಯಾಗುವ ಒಎನ್‌ಪಿಜಿ ಹಾಕಿ ನೋಡಿದರೆ ಹಳದಿ ಬಣ್ಣವೇ ಬರಲಿಲ್ಲ. ಅದೇ ಫ್ಲಾಸ್ಕಿನಿಂದ ಮರುದಿನ ಬೆಳಿಗ್ಗೆ ತೆಗೆದು ನೋಡಿದರೆ ಗಾಢ ಹಳದಿ. ಲ್ಯಾಕ್ಟೋಸ್ ಇದ್ದರೆ ರಿಪ್ರೆಸರ್ ಕಳಚಿಕೊಳ್ಳುತ್ತದೆ ಎಂದು ಓದಿದ್ದೇವೆ, ಹಾಗಾದರೆ ಮೊದಲ ದಿನ ಏನಾಯಿತು? ಇನ್ನೊಂದು ಸಂಶಯ: ಲ್ಯಾಕ್ಟೋಸ್ ಒಳಗೆ ಬರಲು ಪರ್ಮಿಯೇಸ್ ಬೇಕು, ಪರ್ಮಿಯೇಸ್ ತಯಾರಾಗಲು ಲ್ಯಾಕ್ಟೋಸ್ ಒಳಗಿರಬೇಕು. ಮೊದಲ ಲ್ಯಾಕ್ಟೋಸ್ ಒಳಗೆ ಹೋಗುವುದು ಹೇಗೆ?

ಉತ್ತರ: ನಿಮ್ಮ ಎರಡನೆಯ ಸಂಶಯವನ್ನು ಮೊದಲು ಬಿಡಿಸಿಕೊಂಡರೆ ಮೊದಲನೆಯದು ಸುಲಭವಾಗುತ್ತದೆ.

ಲ್ಯಾಕ್ ಆಪರಾನ್ ಎಂದೂ ಪೂರ್ತಿ ಆಫ್ ಆಗಿರುವುದಿಲ್ಲ. ಅದರಲ್ಲಿ ಒಂದರ ಹಿಂದೆ ಒಂದು ಮೂರು ಜೀನ್‌ಗಳಿವೆ. ಲ್ಯಾಕ್ ಝಡ್ ಬೀಟಾ-ಗ್ಯಾಲಕ್ಟೋಸಿಡೇಸ್ ಕಿಣ್ವವನ್ನು ಕೊಡುತ್ತದೆ, ಲ್ಯಾಕ್ ವೈ ಪರ್ಮಿಯೇಸ್ ಕೊಡುತ್ತದೆ, ಲ್ಯಾಕ್ ಎ ಕೊಡುವ ಟ್ರಾನ್ಸ್‌ಅಸಿಟೈಲೇಸ್ ನಿಮ್ಮ ಪ್ರಶ್ನೆಗೆ ಬೇಕಿಲ್ಲ. ಇವುಗಳ ಪಕ್ಕದಲ್ಲೇ ಇದ್ದರೂ ಲ್ಯಾಕ್ ಐ ತನ್ನದೇ ಪ್ರಮೋಟರ್‌ನಿಂದ ಸದಾ ನಡೆಯುತ್ತಿದ್ದು, ರಿಪ್ರೆಸರ್ ತಯಾರಿಸುತ್ತದೆ. ಒಂದು ಜೀವಕೋಶದಲ್ಲಿ ನಾಲ್ಕು ಉಪಘಟಕಗಳ ರಿಪ್ರೆಸರ್ ಅಣುಗಳು ಸುಮಾರು ಹತ್ತು ಮಾತ್ರ. ಇವುಗಳಲ್ಲೊಂದು ಆಪರೇಟರ್ ಮೇಲೆ ಕುಳಿತು ಆರ್‌ಎನ್‌ಎ ಪಾಲಿಮರೇಸ್‌ಗೆ ದಾರಿ ಬಿಡುವುದಿಲ್ಲ. ಆದರೆ ಆ ಹಿಡಿತ ಶಾಶ್ವತವಲ್ಲ. ರಿಪ್ರೆಸರ್ ಆಗಾಗ ಕ್ಷಣಕಾಲ ಕಳಚಿಕೊಳ್ಳುತ್ತದೆ, ಅಷ್ಟರೊಳಗೆ ಒಂದು ಸಂದೇಶವಾಹಕ ಆರ್‌ಎನ್‌ಎ ಬರೆದುಹೋಗುತ್ತದೆ. ಹೀಗಾಗಿ ಲ್ಯಾಕ್ಟೋಸನ್ನೇ ಕಾಣದ ಜೀವಕೋಶದಲ್ಲೂ ಬೆರಳೆಣಿಕೆಯಷ್ಟು ಪರ್ಮಿಯೇಸ್, ಬೆರಳೆಣಿಕೆಯಷ್ಟು ಬೀಟಾ-ಗ್ಯಾಲಕ್ಟೋಸಿಡೇಸ್ ಇದ್ದೇ ಇರುತ್ತವೆ. ಮೊದಲ ಲ್ಯಾಕ್ಟೋಸ್ ಒಳಬರುವುದು ಈ ಸೋರಿಕೆಯಿಂದ ಹುಟ್ಟಿದ ಪರ್ಮಿಯೇಸ್ ಮೂಲಕ.

ಒಳಬಂದ ಲ್ಯಾಕ್ಟೋಸ್ ನೇರವಾಗಿ ರಿಪ್ರೆಸರ್ ಬಿಡಿಸುವುದಿಲ್ಲ. ಅಲ್ಲಿರುವ ಚೂರುಪಾರು ಬೀಟಾ-ಗ್ಯಾಲಕ್ಟೋಸಿಡೇಸ್ ಲ್ಯಾಕ್ಟೋಸನ್ನು ಒಡೆಯುತ್ತಲೇ, ಒಂದು ಪಾಲನ್ನು ಅಲೊಲ್ಯಾಕ್ಟೋಸ್ ಆಗಿ ಬದಲಿಸುತ್ತದೆ. ಅದೇ ಎರಡು ಸಕ್ಕರೆ ಘಟಕಗಳು, ಆದರೆ ಬಂಧ 1-4ರ ಬದಲು 1-6. ರಿಪ್ರೆಸರ್‌ಗೆ ಅಂಟಿ ಅದರ ಆಕಾರ ಬದಲಿಸುವುದು, ಆಪರೇಟರ್ ಮೇಲಿನ ಹಿಡಿತ ಸಡಿಲಿಸುವುದು ಈ ಅಲೊಲ್ಯಾಕ್ಟೋಸ್. ಲ್ಯಾಕ್ ಝಡ್ ಕೆಟ್ಟ ತಳಿಗೆ ಲ್ಯಾಕ್ಟೋಸ್ ಎಷ್ಟು ಹಾಕಿದರೂ ಅದರಲ್ಲಿ ಪರ್ಮಿಯೇಸ್ ಹೆಚ್ಚದಿರುವುದಕ್ಕೆ ಕಾರಣ ಇದೇ. ಹಿಡಿತ ಸಡಿಲಿದ ಮೇಲೆ ಪರ್ಮಿಯೇಸ್ ಹೆಚ್ಚುತ್ತದೆ, ಇನ್ನಷ್ಟು ಲ್ಯಾಕ್ಟೋಸ್ ಒಳಬರುತ್ತದೆ, ಇನ್ನಷ್ಟು ಅಲೊಲ್ಯಾಕ್ಟೋಸ್ ಆಗುತ್ತದೆ. ಪೂರ್ತಿ ಆನ್ ಆದಾಗ ಕಿಣ್ವದ ಮಟ್ಟ ಮೊದಲಿನದರ ಸುಮಾರು ಸಾವಿರ ಪಟ್ಟು. ಲ್ಯಾಕ್ಟೋಸ್ ಮುಗಿದರೆ ರಿಪ್ರೆಸರ್ ಮತ್ತೆ ಕುಳಿತುಕೊಳ್ಳುತ್ತದೆ, ಇದ್ದ ಆರ್‌ಎನ್‌ಎ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಕಿಣ್ವ ಮಾತ್ರ ಗಟ್ಟಿ. ಅದು ಉಳಿದು, ಜೀವಕೋಶ ವಿಭಜನೆಯಾದಂತೆಲ್ಲ ಹಂಚಿಹೋಗಿ ಕಡಿಮೆಯಾಗುತ್ತದೆ.

ಈಗ ನಿಮ್ಮ ಫ್ಲಾಸ್ಕಿಗೆ ಬರೋಣ. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡೂ ಇದ್ದಾಗ ‘ರಿಪ್ರೆಸರ್ ಬಿಟ್ಟಿರುತ್ತದೆ, ಆದರೆ ಸೈಕ್ಲಿಕ್ ಎಎಂಪಿ ಕಡಿಮೆ ಇರುವುದರಿಂದ ಟ್ರಾನ್ಸ್‌ಕ್ರಿಪ್ಷನ್ ಮಂದ’ ಎಂದು ಹಲವು ಪಠ್ಯಗಳ ಕೋಷ್ಟಕ ಹೇಳುತ್ತದೆ. ಆ ಸಾಲಿನ ಮೊದಲರ್ಧ ದಾರಿ ತಪ್ಪಿಸುತ್ತದೆ. ಗ್ಲೂಕೋಸ್ ಸಾಕಷ್ಟಿರುವಾಗ ಹೆಚ್ಚಿನ ಜೀವಕೋಶಗಳಲ್ಲಿ ರಿಪ್ರೆಸರ್ ಕಳಚುವುದೇ ಇಲ್ಲ, ಯಾಕೆಂದರೆ ಲ್ಯಾಕ್ಟೋಸ್ ಒಳಗೇ ಬರುವುದಿಲ್ಲ. ಅದು ಮಾಧ್ಯಮದಲ್ಲಿದೆ, ಜೀವಕೋಶದಲ್ಲಿಲ್ಲ.

ಈ. ಕೋಲಿ ಗ್ಲೂಕೋಸನ್ನು ಒಳಗೆಳೆಯುವಾಗಲೇ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಆ ಫಾಸ್ಫೇಟ್ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಬರುತ್ತದೆ. ಆ ಸಾಲಿನ ಕೊನೆಯ ಭಾಗದಲ್ಲಿರುವ ಪ್ರೋಟೀನಿನ ಹೆಸರು ಎನ್‌ಝೈಮ್ ಟು-ಎ. ಗ್ಲೂಕೋಸ್ ಹರಿದು ಬರುತ್ತಿದ್ದಷ್ಟು ಹೊತ್ತು ಇದು ತನ್ನ ಫಾಸ್ಫೇಟನ್ನು ಕೊಡುತ್ತಲೇ ಇರುವುದರಿಂದ ಬಹುಪಾಲು ಫಾಸ್ಫೇಟ್ ಇಲ್ಲದ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅದು ಪೊರೆಯ ಒಳಬದಿಯಿಂದ ಲ್ಯಾಕ್ಟೋಸ್ ಪರ್ಮಿಯೇಸ್‌ಗೆ ಅಂಟಿ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ಸೋರಿಕೆಯಿಂದ ಹುಟ್ಟಿದ ಪರ್ಮಿಯೇಸ್ ಇರುವುದೇ ಬೆರಳೆಣಿಕೆಯಷ್ಟು, ಅವೂ ಮುಚ್ಚಿದರೆ ಅಲೊಲ್ಯಾಕ್ಟೋಸ್ ಆಗುವುದೆಲ್ಲಿಂದ? ಇದನ್ನು ಪ್ರೇರಕ ತಡೆ ಎನ್ನಬಹುದು.

ಸೈಕ್ಲಿಕ್ ಎಎಂಪಿ ಕಥೆಯೂ ಸುಳ್ಳಲ್ಲ. ಅದೇ ಎನ್‌ಝೈಮ್ ಟು-ಎ ಫಾಸ್ಫೇಟ್ ಹೊತ್ತಿರುವಾಗ ಅಡಿನೈಲೇಟ್ ಸೈಕ್ಲೇಸನ್ನು ಚುರುಕುಗೊಳಿಸುತ್ತದೆ, ಸೈಕ್ಲಿಕ್ ಎಎಂಪಿ ಏರುತ್ತದೆ. ಅದು ಸಿಎಪಿ ಪ್ರೋಟೀನಿಗೆ ಕೂಡಿಕೊಂಡು ಪ್ರಮೋಟರ್ ಪಕ್ಕ ಕುಳಿತು, ಪಾಲಿಮರೇಸ್ ಅಲ್ಲಿ ಗಟ್ಟಿಯಾಗಿ ಕೂರಲು ನೆರವಾಗುತ್ತದೆ. ಲ್ಯಾಕ್ ಪ್ರಮೋಟರ್ ತಾನಾಗಿ ದುರ್ಬಲ, ಈ ಆಸರೆ ಇಲ್ಲದಿದ್ದರೆ ರಿಪ್ರೆಸರ್ ಹೋದರೂ ಕೆಲಸ ಚೆನ್ನಾಗಿ ಸಾಗದು. ಆದರೆ ಗ್ಲೂಕೋಸ್-ಲ್ಯಾಕ್ಟೋಸ್ ಮಿಶ್ರಣದಲ್ಲಿ ಆಪರಾನನ್ನು ಮುಚ್ಚಿಡುವ ಮುಖ್ಯ ಕಾರಣ ಬಾಗಿಲಲ್ಲಿನ ತಡೆಯೇ.

ಎರಡು ಗಂಟೆಯ ಲೆಕ್ಕ ಹಾಕಿ ನೋಡಿ. 0.2% ಎಂದರೆ ಲೀಟರಿಗೆ 2 ಗ್ರಾಂ ಗ್ಲೂಕೋಸ್. ಇಷ್ಟರಲ್ಲಿ ಈ. ಕೋಲಿ, ಕಲ್ಚರಿನ ಮಬ್ಬನ್ನು ಅಳೆಯುವ ಓಡಿ ಸುಮಾರು 2 ಆಗುವವರೆಗೆ ಬೆಳೆಯಬಲ್ಲದು. ನೀವು ಓಡಿ 0.05ರಿಂದ ಆರಂಭಿಸಿದ್ದರೆ, ಎಂ9 ಗ್ಲೂಕೋಸಿನಲ್ಲಿ ಸುಮಾರು ಗಂಟೆಗೊಮ್ಮೆ ಇಮ್ಮಡಿಯಾಗುವುದರಿಂದ, ಎರಡು ಗಂಟೆಗೆ ಓಡಿ 0.2 ಆಗಿರುತ್ತದೆ. ಗ್ಲೂಕೋಸಿನ ಹತ್ತರಲ್ಲಿ ಒಂಬತ್ತು ಪಾಲು ಇನ್ನೂ ಹಾಗೇ ಇದೆ! ಅದು ಮುಗಿದದ್ದು ಸಂಜೆಯ ಹೊತ್ತಿಗೆ, ಆಪರಾನ್ ಆನ್ ಆದದ್ದು ಅದರ ನಂತರ. ಬೆಳಿಗ್ಗೆ ನೀವು ಕಂಡ ಹಳದಿ ಅದರ ಫಲ.

ಒಂದೇ ದಿನದಲ್ಲಿ ಈ ಬದಲಾವಣೆ ಕಾಣಬೇಕಾದರೆ ಗ್ಲೂಕೋಸನ್ನು 0.05%ಕ್ಕೆ ಇಳಿಸಿ, ಲ್ಯಾಕ್ಟೋಸ್ 0.2% ಇರಲಿ. ಗ್ಲೂಕೋಸ್ ಸುಮಾರು ಓಡಿ 0.6ಕ್ಕೆ, ಅಂದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂರನೇ ಗಂಟೆಯಿಂದ 15 ನಿಮಿಷಕ್ಕೊಮ್ಮೆ ಓಡಿ ತೆಗೆದುಕೊಳ್ಳಿ. ಬೆಳವಣಿಗೆ ಒಮ್ಮೆ ನಿಂತು, ಮತ್ತೆ ಏರುವುದು ಕಾಣುತ್ತದೆ. ಜಾಕ್ ಮೊನೊ 1940ರ ದಶಕದ ಆರಂಭದಲ್ಲಿ ಗುರುತಿಸಿದ ಎರಡು ಹಂತದ ಬೆಳವಣಿಗೆ ಇದು. ಆ ನಿಲುಗಡೆಯ ಹೊತ್ತಿನಲ್ಲಿ ತೆಗೆದ ಮಾದರಿಗಳಲ್ಲೇ ಹಳದಿ ಏರತೊಡಗುತ್ತದೆ.

ತಡೆ ಬಾಗಿಲಲ್ಲೋ ಪ್ರಮೋಟರ್ ಬಳಿಯೋ ಎಂದು ನೀವೇ ಪರೀಕ್ಷಿಸಬಹುದು. ಇದಕ್ಕೆ ಅಲೊಲ್ಯಾಕ್ಟೋಸಿನಂತೆ ವರ್ತಿಸುವ ಕೃತಕ ಅಣುವಾದ ಐಪಿಟಿಜಿ ಬೇಕು. 1 ಮಿಲಿಮೋಲಾರ್ ಪ್ರಮಾಣದಲ್ಲಿ ಅದು ಪರ್ಮಿಯೇಸ್ ಇಲ್ಲದೆಯೂ ಒಳನುಗ್ಗುತ್ತದೆ, ರಿಪ್ರೆಸರನ್ನು ತಾನೇ ಬಿಡಿಸುತ್ತದೆ, ಬೀಟಾ-ಗ್ಯಾಲಕ್ಟೋಸಿಡೇಸ್ ಅದನ್ನು ಒಡೆಯಲಾರದು. 0.4% ಗ್ಲಿಸರಾಲ್ ಇರುವ ಎಂ9ನಲ್ಲಿ ಐಪಿಟಿಜಿ ಹಾಕಿದ ಫ್ಲಾಸ್ಕ್ ಒಂದು, 0.2% ಗ್ಲೂಕೋಸ್ ಜೊತೆ ಐಪಿಟಿಜಿ ಹಾಕಿದ್ದು ಇನ್ನೊಂದು, ಗ್ಲೂಕೋಸ್ ಜೊತೆ ಲ್ಯಾಕ್ಟೋಸ್ ಇರುವುದು ಮೂರನೆಯದು, ಗ್ಲಿಸರಾಲ್ ಮಾತ್ರ ಇರುವುದು ನಾಲ್ಕನೆಯದು. ಗ್ಲೂಕೋಸ್-ಐಪಿಟಿಜಿ ಫ್ಲಾಸ್ಕ್ ಗ್ಲಿಸರಾಲ್-ಐಪಿಟಿಜಿಗಿಂತ ಕಡಿಮೆ ಬಣ್ಣ ಕೊಡುತ್ತದೆ, ಆ ಕೊರತೆ ಸೈಕ್ಲಿಕ್ ಎಎಂಪಿಯ ಪಾಲು. ಆದರೂ ಹಳದಿ ಸ್ಪಷ್ಟವಾಗಿ ಬರುತ್ತದೆ. ಗ್ಲೂಕೋಸ್-ಲ್ಯಾಕ್ಟೋಸ್ ಫ್ಲಾಸ್ಕ್ ಬಹುತೇಕ ಬಣ್ಣವಿಲ್ಲದೆ ಉಳಿಯುತ್ತದೆ. ಇವೆರಡರ ನಡುವಿನ ದೊಡ್ಡ ಅಂತರವೇ ಬಾಗಿಲಿನ ತಡೆ.

ಇಲ್ಲೊಂದು ಎಚ್ಚರಿಕೆ ತೀರಾ ಮುಖ್ಯ. ಒಎನ್‌ಪಿಜಿ ಕೂಡ ಜೀವಂತ ಕೋಶದೊಳಗೆ ಹೋಗುವುದು ಅದೇ ಪರ್ಮಿಯೇಸ್ ಮೂಲಕ. ಕೋಶದ ಪೊರೆ ತೂತು ಮಾಡದೆ ಒಎನ್‌ಪಿಜಿ ಹಾಕಿದ್ದರೆ, ಗ್ಲೂಕೋಸ್ ಅದನ್ನೂ ತಡೆದಿರುತ್ತದೆ. ಆಗ ಹಳದಿ ಬಾರದ್ದು ಕಿಣ್ವ ಇಲ್ಲದ್ದಕ್ಕೋ ಒಎನ್‌ಪಿಜಿ ಒಳಹೋಗದ್ದಕ್ಕೋ ಹೇಳಲಾಗದು. ಆದ್ದರಿಂದ 0.9 ಮಿ.ಲೀ. ಝಡ್ ಬಫರ್‌ಗೆ 0.1 ಮಿ.ಲೀ. ಕಲ್ಚರ್ ಹಾಕಿ, ಎರಡು ಹನಿ ಕ್ಲೋರೋಫಾರ್ಮ್, ಒಂದು ಹನಿ 0.1% ಎಸ್‌ಡಿಎಸ್ ಸೇರಿಸಿ ಹತ್ತು ಸೆಕೆಂಡ್ ವೋರ್ಟೆಕ್ಸ್ ಮಾಡಿ. ಆಮೇಲೆ 0.2 ಮಿ.ಲೀ. ಒಎನ್‌ಪಿಜಿ ಹಾಕಿ ಸಮಯ ಬರೆದುಕೊಳ್ಳಿ. ಒಎನ್‌ಪಿಜಿ ದ್ರಾವಣ ಮಿ.ಲೀ.ಗೆ 4 ಮಿ.ಗ್ರಾಂ ಇರಲಿ. ಚೆನ್ನಾಗಿ ಹಳದಿಯಾದಾಗ 0.5 ಮಿ.ಲೀ. 1 ಮೋಲಾರ್ ಸೋಡಿಯಂ ಕಾರ್ಬೊನೇಟ್ ಹಾಕಿದರೆ ಕ್ರಿಯೆ ನಿಲ್ಲುತ್ತದೆ. ಕಿಣ್ವದ ಚಟುವಟಿಕೆಯನ್ನು ಮಿಲ್ಲರ್ ಯೂನಿಟ್‌ಗಳಲ್ಲಿ ಲೆಕ್ಕ ಹಾಕುವುದು ಹೀಗೆ:

```
1000 × (A420 − 1.75 × A550) / (t × v × OD600)
```

ಇಲ್ಲಿ t ನಿಮಿಷ, v ಮಿ.ಲೀ. ಕಲ್ಚರ್. ಉದಾಹರಣೆಗೆ ಐಪಿಟಿಜಿ ಹಾಕಿದ ಕಲ್ಚರ್ ಓಡಿ 0.5 ಇದ್ದು, 0.1 ಮಿ.ಲೀ. ಬಳಸಿ, 10 ನಿಮಿಷಕ್ಕೆ 420ರಲ್ಲಿ 0.60, 550ರಲ್ಲಿ 0.02 ಬಂದರೆ ಉತ್ತರ 1130 ಯೂನಿಟ್. ಗ್ಲಿಸರಾಲ್ ಮಾತ್ರ ಇರುವ ಫ್ಲಾಸ್ಕಿಗೆ 0.5 ಮಿ.ಲೀ. ಕಲ್ಚರ್, 0.5 ಮಿ.ಲೀ. ಬಫರ್ ಬಳಸಿ, 120 ನಿಮಿಷ ಕಾಯಿರಿ. ಓಡಿ 0.5 ಇದ್ದು 420ರಲ್ಲಿ 0.08, 550ರಲ್ಲಿ 0.02 ಸಿಕ್ಕರೆ 1.5 ಯೂನಿಟ್. ಮೇಲೆ ಹೇಳಿದ ಸೋರಿಕೆಯನ್ನು ನೀವು ಅಳೆದದ್ದು ಇಲ್ಲಿಯೇ, ಹತ್ತು ನಿಮಿಷದಲ್ಲಿ ನಿಲ್ಲಿಸಿದರೆ ಅದು ಕಾಣುವುದೇ ಇಲ್ಲ.

ಮುಂದಿನ ಸಲ ಎಲ್ಲೂ ಹಳದಿ ಬಾರದಿದ್ದರೆ ಮೊದಲು ತಳಿಯ ಹೆಸರು ನೋಡಿ. ಪ್ಲಾಸ್ಮಿಡ್ ಕೆಲಸಕ್ಕೆ ಇಟ್ಟುಕೊಂಡ ಡಿಎಚ್5 ಆಲ್ಫಾದಲ್ಲಿ ಲ್ಯಾಕ್ ಝಡ್ ಪೂರ್ತಿ ಇಲ್ಲ, ಅದರಲ್ಲಿ ಈ ಪ್ರಯೋಗ ಆಗದು. ಎಂಜಿ1655ನಂಥ ಲ್ಯಾಕ್ ಸರಿಯಿರುವ ಕೆ-12 ತಳಿ ಬೇಕು.

ಇನ್ನು ರಾಯಚೂರಿನ ಏಪ್ರಿಲ್-ಮೇ ಬಿಸಿಲು. ಕೋಣೆಯೇ 40 ಡಿಗ್ರಿ ದಾಟಿದ ದಿನ, ತಂಪು ಮಾಡುವ ವ್ಯವಸ್ಥೆ ಇಲ್ಲದ ಶೇಕರ್ ಇನ್‌ಕ್ಯುಬೇಟರ್ 37 ಡಿಗ್ರಿಗೆ ಇಳಿಯಲಾರದು, ಡಯಲ್ ಏನೇ ತೋರಿಸಲಿ. ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿ, ಇಲ್ಲವೇ ಪ್ರಯೋಗವನ್ನು ಬೆಳಿಗ್ಗೆ ಬೇಗ ಆರಂಭಿಸಿ. ಒಎನ್‌ಪಿಜಿ ಹಂತವನ್ನು 28 ಡಿಗ್ರಿಯಲ್ಲಿ ಮಾಡುವುದು ವಾಡಿಕೆ. ಬಿಸಿ ಕೋಣೆಯ ಸ್ಟ್ಯಾಂಡಿನಲ್ಲೇ ಟ್ಯೂಬ್ ಇಟ್ಟರೆ ಕಿಣ್ವ ವೇಗವಾಗಿ ಕೆಲಸ ಮಾಡಿ ಯೂನಿಟ್ ಹೆಚ್ಚಾಗಿ ಬರುತ್ತದೆ, ಬೆಳಗಿನ ಓದು ಮಧ್ಯಾಹ್ನದ ಓದಿಗೆ ಹೊಂದುವುದಿಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿ ನೀರಿಟ್ಟು, ಐಸ್ ಚೂರು ಹಾಕುತ್ತಾ 28ಕ್ಕೆ ಹಿಡಿದರೆ ಸಾಕು.

ನಿಮ್ಮಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಬದಲು ಫಿಲ್ಟರ್ ಹಾಕುವ ಕಲರಿಮೀಟರ್ ಇದ್ದು 550 ಸಿಗದಿದ್ದರೆ, ಕ್ರಿಯೆ ನಿಲ್ಲಿಸಿದ ಟ್ಯೂಬನ್ನು ಸೆಂಟ್ರಿಫ್ಯೂಜ್ ಮಾಡಿ, ತಳದ ಕ್ಲೋರೋಫಾರ್ಮ್ ಕಲಕದಂತೆ ಮೇಲಿನ ತಿಳಿಯನ್ನಷ್ಟೇ 420ರಲ್ಲಿ ಓದಿ. ಕೋಶದ ಚೂರುಗಳ ಮಬ್ಬು ಕೆಳಗಿಳಿದಿರುವುದರಿಂದ ಸೂತ್ರದ 550ರ ಭಾಗವನ್ನು ಬಿಟ್ಟು ಲೆಕ್ಕ ಮಾಡಬಹುದು.