n ರಿಂದ ಗುಣಿಸುವ ಮುನ್ನ

“ವೃತ್ತದ ಪರಿಧಿಯ ಮೇಲೆ ಮನಬಂದಂತೆ ಆಯ್ದ n ಬಿಂದುಗಳೆಲ್ಲವೂ ಒಂದೇ ಅರ್ಧವೃತ್ತದೊಳಗೆ ಬೀಳುವ ಸಂಭವನೀಯತೆ n/2^(n-1) ಎಂದು ಈ ಲೇಖನದಲ್ಲಿ ಸಾಧಿಸಿದ್ದೇನೆ. ಪ್ರಕಟಣೆಗೆ ಯೋಗ್ಯವೇ, ದಯವಿಟ್ಟು ತಿಳಿಸಿ.”

ಮಾನ್ಯರೇ,

ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲು ಬರುವುದಿಲ್ಲ. ಸೂತ್ರ ಸರಿಯಾಗಿಯೇ ಇದೆ; ಆದರೆ ಅದನ್ನು ನೀವು ಸಾಧಿಸಿಲ್ಲ. ಒಂದು ಬಿಂದುವಿನಿಂದ ಹೊರಟು ಪ್ರದಕ್ಷಿಣೆಯಾಗಿ ಅರ್ಧ ಸುತ್ತು ಹೋಗುವಷ್ಟರಲ್ಲಿ ಉಳಿದ n-1 ಬಿಂದುಗಳೂ ಸಿಗುವ ಸಂಭವನೀಯತೆ 1/2^(n-1) ಎಂಬಲ್ಲಿಯವರೆಗೆ ನಿಮ್ಮ ವಾದ ಸ್ಪಷ್ಟವಾಗಿದೆ. ಅದಾದ ಮೇಲೆ “ಬಿಂದುಗಳು n ಇರುವುದರಿಂದ n ರಿಂದ ಗುಣಿಸೋಣ” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಲೆಕ್ಕದ ಜೀವವೆಲ್ಲ ಇರುವುದು ಆ ಸಾಲಿನಲ್ಲಿಯೇ.

ಸಂಭವನೀಯತೆಗಳನ್ನು ಹೀಗೆ ಕೂಡಿಸಬೇಕಾದರೆ ಒಂದೇ ಆಯ್ಕೆಯಲ್ಲಿ ಎರಡು ಬಿಂದುಗಳು ಏಕಕಾಲಕ್ಕೆ ಮುಂದಾಳಾಗಬಾರದು. ಮುಂದಾಳು ಎಂದರೆ, ತನ್ನಿಂದ ಪ್ರದಕ್ಷಿಣೆಯಾಗಿ ಅರ್ಧ ಸುತ್ತಿನೊಳಗೆ ಉಳಿದವುಗಳನ್ನೆಲ್ಲ ಕಾಣುವ ಬಿಂದು. 20, 75 ಮತ್ತು 160 ಡಿಗ್ರಿಗಳಲ್ಲಿ ಮೂರು ಬಿಂದುಗಳಿವೆ ಎನ್ನಿ, ಅಳತೆ ಪ್ರದಕ್ಷಿಣೆಯಾಗಿರಲಿ. 20ರಿಂದ ಹೊರಟರೆ ಉಳಿದೆರಡು 55 ಮತ್ತು 140 ಡಿಗ್ರಿ ದೂರದಲ್ಲಿ ಸಿಗುತ್ತವೆ. 75ರಿಂದ ಹೊರಟರೆ 20ನ್ನು ತಲುಪಲು 305 ಡಿಗ್ರಿ ಸಾಗಬೇಕು. 160ರಿಂದ ಹೊರಟರೆ 220. ಆದ್ದರಿಂದ ಮುಂದಾಳು ಒಂದೇ. ಇದು ಈ ಮೂರು ಬಿಂದುಗಳ ಅದೃಷ್ಟವಲ್ಲ: ಅ ಮತ್ತು ಆ ಎರಡೂ ಮುಂದಾಳಾಗಿದ್ದರೆ ಅ-ದಿಂದ ಆ-ಗೆ ಇರುವ ದೂರವೂ ಆ-ದಿಂದ ಅ-ಗೆ ಇರುವ ದೂರವೂ 180 ಡಿಗ್ರಿಗಿಂತ ಕಡಿಮೆ ಇರಬೇಕಾಗುತ್ತದೆ, ಆದರೆ ಅವೆರಡನ್ನು ಕೂಡಿದರೆ ಪೂರ್ಣ ಸುತ್ತಾದ 360 ಬರಲೇಬೇಕು. ಎರಡು ಬಿಂದುಗಳು ಸರಿಯಾಗಿ ಎದುರುಬದುರಾಗಿ ಬೀಳುವ ಸಂಭವನೀಯತೆ ಸೊನ್ನೆಯಾದ್ದರಿಂದ ಅದು ಉತ್ತರವನ್ನು ಬದಲಿಸುವುದಿಲ್ಲ. ಈ ನಾಲ್ಕು ಮಾತು ಬಂದ ಮೇಲಷ್ಟೇ ಮೂರು ಬಿಂದುಗಳಿಗೆ 3/4, ನಾಲ್ಕಕ್ಕೆ 1/2 ಎಂಬ ನಿಮ್ಮ ಉತ್ತರಗಳಿಗೆ ಆಧಾರ ಸಿಗುತ್ತದೆ.

ನನಗೆ ಹೆಚ್ಚು ಅಸಮಾಧಾನ ತಂದದ್ದು ಕೊನೆಯ ಪುಟ. ಅರ್ಧವೃತ್ತದ ಬದಲು ವೃತ್ತದ x ಭಾಗದಷ್ಟು ಕಂಸವನ್ನು ತೆಗೆದುಕೊಂಡರೆ ಉತ್ತರ n·x^(n-1) ಆಗುತ್ತದೆಂದು ಯಾವ ಮಿತಿಯನ್ನೂ ಹೇಳದೆ ಬರೆದಿದ್ದೀರಿ. ಎರಡೇ ಬಿಂದುಗಳನ್ನು ಇಟ್ಟುಕೊಂಡು x = 2/3 ಎಂದು ಹಾಕಿ ನೋಡಿ: 4/3 ಬರುತ್ತದೆ, ಸಂಭವನೀಯತೆ 1ನ್ನು ಮೀರುವುದುಂಟೇ! ಕಂಸ ಈಗ 240 ಡಿಗ್ರಿ. ಬಿಂದುಗಳು 0 ಮತ್ತು 150 ಡಿಗ್ರಿಯಲ್ಲಿದ್ದರೆ ಒಂದು ಕಡೆಯಿಂದ ದೂರ 150, ಇನ್ನೊಂದು ಕಡೆಯಿಂದ 210. ಎರಡೂ 240ರೊಳಗಿರುವುದರಿಂದ ಎರಡು ಬಿಂದುಗಳೂ ಮುಂದಾಳಾಗಿ, ಒಂದೇ ಆಯ್ಕೆ ಎರಡು ಸಲ ಎಣಿಕೆಗೆ ಬಂದಿದೆ. ಸೂತ್ರ ನಿಲ್ಲುವುದು x ಅರ್ಧಕ್ಕಿಂತ ಹೆಚ್ಚಾಗದಿದ್ದಾಗ ಮಾತ್ರ.

ಹತ್ತು ಬಿಂದುಗಳವರೆಗಿನ ಕೋಷ್ಟಕವನ್ನು ತೆಗೆದುಹಾಕಿ, ಆ ಜಾಗದಲ್ಲಿ ಮುಂದಾಳು ಒಂದೇ ಏಕೆ ಎಂಬುದನ್ನು ಚಿತ್ರಸಹಿತ ವಿವರಿಸಿ. ಕೊನೆಯ ಪುಟದಲ್ಲಿ ಮಿತಿಯನ್ನೂ ಅದನ್ನು ದಾಟಿದಾಗ ಸೂತ್ರ ಮುರಿಯುವ ಬಗೆಯನ್ನೂ ಬರೆದು ಕಳುಹಿಸಿದರೆ ಲೇಖನವನ್ನು ಮತ್ತೆ ಪರಿಶೀಲಿಸುತ್ತೇನೆ.

ಸಂಪಾದಕ