‘ಪೈ’ ಅಂದರೆ ‘ಬೈ’ ಅಂತ ಯಾಕೆ ಕೇಳಿಸುತ್ತದೆ?

“ಅಮೆರಿಕಕ್ಕೆ ಬಂದು ಎರಡು ವರ್ಷ ಆಯ್ತು. ಅಂಗಡೀಲಿ ನಾನು ‘ಪೈ’ ಅಂದ್ರೆ ಅವರಿಗೆ ‘ಬೈ’ ಅಂತ ಕೇಳ್ಸುತ್ತೆ. ಜೋರಾಗಿ ಹೇಳಿದ್ರೂ ಅದೇ ಕತೆ. ‘ಫ’ ಥರ ಹೇಳಿದ್ರೆ ಎಫ್ ಅಂದ್ಕೋತಾರೆ. ಎಲ್ಲಿ ತಪ್ತಾ ಇದೆ?”

ನಿಮ್ಮ ‘ಪ’ ಒಳ್ಳೆಯ ಕನ್ನಡದ ‘ಪ’ವೇ. ಆದರೆ ‘ಪ’ ಯಾವುದು, ‘ಬ’ ಯಾವುದು ಅನ್ನುವ ಗೆರೆಯನ್ನು ಅವರ ಕಿವಿ ಬೇರೆ ಕಡೆ ಎಳೆದುಕೊಂಡಿದೆ. ಎಷ್ಟು ಜೋರಾಗಿ ಕೂಗಿದರೂ ಆ ಗೆರೆ ದಾಟಲು ಆಗುವುದಿಲ್ಲ, ಯಾಕೆಂದರೆ ಅದು ಹೊತ್ತಿನ ಗೆರೆ.

ತುಟಿ ಬಿಡುವ ಕ್ಷಣ ಒಂದು, ಗಂಟಲಿನ ತಂತುಗಳು ನಡುಗಲು ಶುರುವಾಗುವ ಕ್ಷಣ ಇನ್ನೊಂದು. ಇವೆರಡರ ನಡುವಿನ ಅಂತರಕ್ಕೆ ವಾಯ್ಸ್ ಆನ್‌ಸೆಟ್ ಟೈಮ್ ಅನ್ನುತ್ತಾರೆ, ನಾನಿಲ್ಲಿ ಚಿಕ್ಕದಾಗಿ ವಿಒಟಿ ಅಂತ ಬರೆಯುತ್ತೇನೆ. ಗಂಟಲ ಮೇಲೆ ಬೆರಳಿಟ್ಟುಕೊಂಡು ನಿಧಾನವಾಗಿ ‘ಬ’ ಅನ್ನಿ. ತುಟಿ ಇನ್ನೂ ಮುಚ್ಚಿರುವಾಗಲೇ ಬೆರಳಿಗೆ ನಡುಕ ಸಿಗುತ್ತದೆ. ನಡುಕ ಮೊದಲು, ತುಟಿ ಆಮೇಲೆ, ಹಾಗಾಗಿ ವಿಒಟಿ ಮೈನಸ್. ‘ಪ’ ಅಂದಾಗ ತುಟಿ ಬಿಟ್ಟ ಬೆನ್ನಿಗೇ ನಡುಕ ಬರುತ್ತದೆ. ಹಿಂದಿಯವರು ‘ಫಲ್’ ಅನ್ನುವಾಗ ತುಟಿ ಬಿಟ್ಟರೂ ಗಂಟಲು ತೆರೆದೇ ಇರುತ್ತದೆ. ತಂತುಗಳು ಹತ್ತಿರ ಬಂದು ನಡುಗುವಷ್ಟರಲ್ಲಿ ಒಂದಿಷ್ಟು ಉಸಿರು ಹೊರಗೆ ಹೋಗಿರುತ್ತದೆ.

ಲೀ ಲಿಸ್ಕರ್ ಮತ್ತು ಆರ್ಥರ್ ಏಬ್ರಮ್ಸನ್ ಎಂಬ ಧ್ವನಿವಿಜ್ಞಾನಿಗಳು 1964ರಲ್ಲಿ 11 ಭಾಷೆಗಳಲ್ಲಿ ಈ ಅಂತರ ಅಳೆದು ಪ್ರಕಟಿಸಿದರು. ಕನ್ನಡ ಅದರಲ್ಲಿರಲಿಲ್ಲ, ತಮಿಳು, ಮರಾಠಿ, ಹಿಂದಿ ಇದ್ದವು. ಹಿಂದಿಯಲ್ಲಿ ಅವರಿಗೆ ಸಿಕ್ಕಿದ ಸರಾಸರಿ ‘ಬ’ಕ್ಕೆ ಮೈನಸ್ 85 ಮಿಲಿಸೆಕೆಂಡ್, ‘ಪ’ಕ್ಕೆ 13, ‘ಫ’ಕ್ಕೆ 70. ಅಮೆರಿಕನ್ ಇಂಗ್ಲಿಷಿನ ‘ಪ’ 58ಕ್ಕೆ ಬಂತು. ನಿಮ್ಮ ತೊಂದರೆಯ ಮೂಲ ಇರುವುದು ಅವರ ‘ಬ’ದಲ್ಲಿ. ಕೆಲವರು ಅದನ್ನು ನಮ್ಮ ಹಾಗೆ ಮೈನಸ್‌ನಲ್ಲಿ ಹೇಳಿದರೂ ಪದದ ಶುರುವಿನಲ್ಲಿ ಬಹಳ ಸಲ ಅದು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ನಾವು ‘ಪ’ ಇಟ್ಟುಕೊಂಡಿರುವ ಜಾಗದಲ್ಲೇ ಅವರು ‘ಬ’ ಇಟ್ಟುಕೊಂಡಿದ್ದಾರೆ! ತುಟಿಯ ಧ್ವನಿಗಳಿಗೆ ಇಂಗ್ಲಿಷ್ ಕಿವಿಯ ಗೆರೆ ಸುಮಾರು 25 ಮಿಲಿಸೆಕೆಂಡಿನಲ್ಲಿದೆ. ಅದಕ್ಕಿಂತ ಕಡಿಮೆ ಇದ್ದದ್ದೆಲ್ಲ ಅವರಿಗೆ ‘ಬ’.

ಈ ಪ್ರಶ್ನೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಬ್ಬರು “ಮಹಾಪ್ರಾಣ ಅಂದರೆ ವಿಒಟಿ ಜಾಸ್ತಿ ಅಂತ, ಅಷ್ಟೇ” ಎಂದು ಬರೆದಿದ್ದಾರೆ. ‘ಫ’ದ ಮಟ್ಟಿಗೆ ಅದು ಸರಿ, ‘ಭ’ಕ್ಕೆ ಹೊಂದುವುದಿಲ್ಲ. ಅದೇ ಅಳತೆಯಲ್ಲಿ ಹಿಂದಿಯ ‘ಭ’ ಮೈನಸ್ 61, ಹೆಚ್ಚೂಕಡಿಮೆ ‘ಬ’ದ ಮಗ್ಗುಲಲ್ಲೇ. ‘ಭ’ ಬೇರೆಯಾಗುವುದು ತುಟಿ ಬಿಟ್ಟ ನಂತರ: ತಂತುಗಳು ಸಡಿಲವಾಗಿ ನಡುಗುತ್ತ ಉಸಿರು ಬೆರೆತ ದನಿ ಬರುತ್ತದೆ. ಆ ಸಡಿಲವನ್ನು ವಿಒಟಿ ಹಿಡಿಯಲಾರದು. ಮಕ್ಕಳು ‘ಭಾರತ’ವನ್ನು ‘ಬಾರತ’ ಅನ್ನುತ್ತಾರೆ ಎಂದು ಅಲ್ಲೇ ಬೇಸರಪಟ್ಟುಕೊಂಡ ಹಿರಿಯರಿಗೂ ಇದನ್ನೇ ಹೇಳುತ್ತೇನೆ, ಸರ್: ಅಲ್ಲಿ ಬಿಟ್ಟುಹೋಗಿರುವುದು ಈ ಉಸಿರು. ಅಂಗಡಿಯ ‘ಪೈ’ಗೂ ಅದಕ್ಕೂ ಸಂಬಂಧವಿಲ್ಲ.

ಈಗ ನಿಮ್ಮದನ್ನು ಅಳೆಯೋಣ. ಪ್ರಾಟ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಉಸಿರು ಬಡಿದು ಶುರುವಿನ ಭಾಗವೇ ಕಲಸಿಹೋಗುತ್ತದೆ. ‘ಪೈ’, ‘ಬೈ’, ‘ಸ್ಪೈ’ ಮೂರನ್ನೂ ಹತ್ತತ್ತು ಸಲ ಹೇಳಿ .wav ಆಗಿ ಉಳಿಸಿ. ಫೋನ್ ಕರೆಯ ರೆಕಾರ್ಡಿಂಗ್ ಬೇಡ, ಗದ್ದಲ ಕಡಿಮೆ ಮಾಡುವ ಏರ್ಪಾಡು ಮೆಲ್ಲಗಿನ ನಡುಕವನ್ನೂ ಗದ್ದಲವೆಂದು ತೆಗೆದುಬಿಡಬಹುದು. ಕಡತ ತೆರೆದು View & Edit ಒತ್ತಿದರೆ ಮೇಲೆ ಅಲೆ, ಕೆಳಗೆ ಬೂದು ಬಣ್ಣದ ಚಿತ್ರ ಕಾಣುತ್ತದೆ. ತುಟಿ ಬಿಟ್ಟ ಜಾಗದಲ್ಲಿ ಚೂಪಾದ ಗೀರೊಂದು ಏಳುತ್ತದೆ. ಅಲ್ಲಿಂದ, ಅಲೆ ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಬರಲು ಶುರುವಾಗುವ ಜಾಗದವರೆಗೆ ಎಳೆದು ಗುರುತು ಮಾಡಿ. ಆಯ್ದ ಭಾಗದ ಉದ್ದ ಸೆಕೆಂಡಿನಲ್ಲಿ ಅಲ್ಲೇ ಕಾಣುತ್ತದೆ, 0.012 ಅಂದರೆ 12 ಮಿಲಿಸೆಕೆಂಡ್.

ನಾನು ಮೊದಲ ಸಲ ಅಳೆದಾಗ ನನ್ನ ‘ಪೈ’ 10ರಿಂದ 15ರ ನಡುವೆ ಬಂತು. ‘ಬೈ’ಗೆ ಮಾತ್ರ ಹತ್ತಕ್ಕೆ ಹತ್ತೂ ಸಲ ಉದ್ದುದ್ದ ಮೈನಸ್. ಖುಷಿಯಾಗಿ ಬರೆದಿಟ್ಟುಕೊಂಡೆ, ಆಮೇಲೆ ನೋಡಿದರೆ ಪದಗಳ ನಡುವೆ ನಾನು ಸುಮ್ಮನಿದ್ದಾಗಲೂ ಚಿತ್ರದ ಅಡಿಯಲ್ಲಿ, ಗಂಟಲ ನಡುಕವೆಂದು ನಾನು ಎಣಿಸಿದ್ದ ಅದೇ ಪಟ್ಟಿ! ಅದು ಪಕ್ಕದ ಕೋಣೆಯ ಫ್ರಿಜ್ಜಿನ ಗುಂಯ್‌ಗುಡುವಿಕೆ. ಫ್ರಿಜ್ ಆರಿಸಿ ಮತ್ತೆ ಅಳೆದ ಮೇಲೂ ಹೆಚ್ಚಿನವು ಮೈನಸ್ಸೇ ಬಂದವು, ಆದರೆ ಎರಡು ‘ಬೈ’ಗಳು ಸೊನ್ನೆಯ ಹತ್ತಿರ ಇದ್ದದ್ದು ಆಗಲೇ ಗೊತ್ತಾದದ್ದು. ಹಾಗಾಗಿ ಮೈನಸ್ ಕಂಡರೆ ಮೊದಲು ಪಕ್ಕದ ಮೌನವನ್ನು ನೋಡಿ.

‘ಸ್ಪೈ’ ಹೇಳಿಸಿದ್ದಕ್ಕೆ ಕಾರಣವಿದೆ. ‘ಸ’ ಆದ ಮೇಲೆ ಇಂಗ್ಲಿಷಿನವರೂ ಉಸಿರು ಬಿಡುವುದಿಲ್ಲ, ಅವರ ‘ಪ’ ನಮ್ಮದರ ಹಾಗೇ ಆಗುತ್ತದೆ. ಅಮೆರಿಕದ ಗೆಳೆಯರೊಬ್ಬರಿಂದ ‘ಸ್ಪೈ’ ಹೇಳಿಸಿ, ಪ್ರಾಟ್‌ನಲ್ಲಿ ‘ಸ’ದ ಭಾಗ ಅಳಿಸಿ, ಉಳಿದದ್ದನ್ನು ಅವರಿಗೇ ಕೇಳಿಸಿ. “ಬೈ” ಅನ್ನುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದು.

ಇನ್ನು ‘ಫ’. ನಮ್ಮಲ್ಲಿ ಬಹಳ ಜನ ‘ಫಲ’ ಅನ್ನುವಾಗ ಕೆಳತುಟಿಯನ್ನು ಹಲ್ಲಿಗೆ ತಾಗಿಸುತ್ತೇವೆ. ಆಗ ಬರುವುದು ಎಫ್ಫೇ, ಅವರು ಕೇಳಿಸಿಕೊಂಡದ್ದು ಸರಿಯಾಗಿಯೇ ಇದೆ. ಎರಡು ತುಟಿಯನ್ನೂ ಪೂರ್ತಿ ಮುಚ್ಚಿ, ಬಿಟ್ಟ ಮೇಲೆ ಚಿಕ್ಕದೊಂದು ‘ಹ’ ಬಂದು ಆಮೇಲೆ ‘ಐ’ ಬರಲಿ: ‘ಪ್‌ಹೈ’. ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದರೆ ಅದು ಅಲುಗಬೇಕು. ಕಾಗದ ಉಸಿರನ್ನಷ್ಟೇ ತೋರಿಸುತ್ತದೆ, ಹೊತ್ತನ್ನಲ್ಲ. ಅದಕ್ಕೇ ವಾರಕ್ಕೊಮ್ಮೆ ಪ್ರಾಟ್‌ನಲ್ಲಿ ನೋಡಿಕೊಳ್ಳಿ. 50 ದಾಟಿದರೆ ಸಾಕು. ನಿಧಾನವಾಗಿ ಹೇಳಿದರೆ ಈ ಅಂಕಿ ತಾನೇ ಹಿಗ್ಗುತ್ತದೆ, ಹಾಗಾಗಿ ಅಂಗಡಿಯಲ್ಲಿ ಮಾತಾಡುವ ವೇಗದಲ್ಲೇ ಅಳೆಯಿರಿ. ‘ಸ್ಪೈ’ಗೆ, ‘ಹ್ಯಾಪಿ’ಯ ನಡುವಿನ ‘ಪಿ’ಗೆ ಇಷ್ಟು ಉಸಿರು ಹಾಕಬೇಡಿ. ಪದದ ಶುರುವಿಗೆ, ಒತ್ತು ಬೀಳುವ ಕಡೆಗೆ ಇದ್ದರೆ ಸಾಕು. ‘ಕ’ಕ್ಕೆ ಅಂತರ ಸಹಜವಾಗಿಯೇ ‘ಪ’ಕ್ಕಿಂತ ಉದ್ದ, ಎರಡರ ಅಂಕಿಯನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸಬೇಡಿ.

ಕೊರಿಯನ್ ಕಲಿಯುತ್ತಿರುವ ಮೇಡಂ ಒಬ್ಬರು ಆ ಭಾಷೆಯ ಸಡಿಲ, ಬಿಗಿ, ಉಸಿರಿನ ‘ಪ’ಗಳನ್ನು ಹೀಗೆ ಬೇರೆ ಮಾಡಬಹುದೇ ಎಂದು ಕೇಳಿದ್ದಾರೆ. ಮೇಡಂ, ಆ ಮೂರು ಬಗೆಯ ‘ಪ’ಕ್ಕೆ ಈ ದಾರಿ ಪೂರ್ತಿ ಕೆಲಸ ಮಾಡುವುದಿಲ್ಲ. ಪದದ ಶುರುವಿನಲ್ಲಿ ಮೂರರಲ್ಲೂ ತಂತುಗಳು ಮುಂಚಿತವಾಗಿ ನಡುಗುವುದಿಲ್ಲ. ಸೋಲ್‌ನ ಕಿರಿಯರ ಮಾತಿನಲ್ಲಿ ಸಡಿಲ ‘ಪ’ ಮತ್ತು ಉಸಿರಿನ ‘ಪ’ ಎರಡರ ವಿಒಟಿ ಹತ್ತಿರ ಹತ್ತಿರ ಬಂದುಬಿಟ್ಟಿದೆ, ಬೇರೆ ಮಾಡುವುದು ಮುಂದಿನ ಸ್ವರದ ಏರಿಳಿತ. ಅದನ್ನೂ ವಿಒಟಿಯ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕೋ, ಬೇರೆಯಾಗಿಡಬೇಕೋ ಎಂಬುದರಲ್ಲಿ ಬಲ್ಲವರಲ್ಲೂ ಒಮ್ಮತವಿಲ್ಲ. ನಿಮ್ಮ ಶಿಕ್ಷಕರ ದನಿಯನ್ನು ಪ್ರಾಟ್‌ಗೆ ಹಾಕಿ ನೀಲಿ ಬಣ್ಣದ ಪಿಚ್ ಗೆರೆಯನ್ನು ನೋಡಿ: ಉಸಿರಿನದರಲ್ಲಿ ಅದು ಮೇಲಿಂದ ಶುರುವಾಗುತ್ತದೆ, ಸಡಿಲದಲ್ಲಿ ಕೆಳಗಿಂದ.