ಕೆಲಸ ಹೋಗಿ ಮತ್ತೆ ಸಿಕ್ಕಿದ್ದನ್ನು ಅಪ್ಪ ಅಮ್ಮನಿಗೆ ವಾಯ್ಸ್ ನೋಟ್‌ನಲ್ಲಿ ಹೇಗೆ ಹೇಳಲಿ?

"ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಇಂಜಿನಿಯರ್ ನಾನು. ಮಾರ್ಚ್ 14ಕ್ಕೆ ಲೇಆಫ್ ಆಯ್ತು. ಏಪ್ರಿಲ್ 28ಕ್ಕೆ ಬೇರೆ ಕಂಪನಿ ಸೇರ್ತಿದ್ದೀನಿ. ಎಪ್ಪತ್ತು ದಾಟಿದ ಅಪ್ಪ ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಒಬ್ಬನೇ ಮಗ. ಫೋನ್ ಮಾಡಿದ್ರೆ ಗಂಟಲು ಕಟ್ಟುತ್ತೆ. ವಾಯ್ಸ್ ನೋಟ್ ಕಳಿಸೋಣ ಅಂತಿದ್ದೀನಿ. ಏನಂತ ಹೇಳಲಿ?"

ನಾನೂ ಇದನ್ನು ಅನುಭವಿಸಿದ್ದೇನೆ, ಮೊದಲ ಸಲ ಕೆಡಿಸಿಕೊಂಡಿದ್ದೇನೆ. ಆರು ನಿಮಿಷದ ವಾಯ್ಸ್ ನೋಟ್ ಕಳಿಸಿದ್ದೆ. "ಗಾಬರಿ ಆಗ್ಬೇಡಿ" ಅಂತ ಶುರು ಮಾಡಿ, ಕಂಪನಿಯ ಪರಿಸ್ಥಿತಿಯನ್ನೆಲ್ಲ ವಿವರಿಸಿ, ಹೊಸ ಕೆಲಸ ಸಿಕ್ಕಿದ ಸುದ್ದಿಯನ್ನು ಐದನೇ ನಿಮಿಷದಲ್ಲಿ ಹೇಳಿದ್ದೆ. ಅಮ್ಮ ಅಲ್ಲಿಯವರೆಗೆ ಕೇಳಲೇ ಇಲ್ಲ. ಎರಡನೇ ನಿಮಿಷಕ್ಕೇ ಫೋನ್ ಕೆಳಗಿಟ್ಟು ಅಳುತ್ತಾ ಕೂತಿದ್ದರು. ಅದು ತಲುಪಿದ್ದಾದರೂ ಅವರ ರಾತ್ರಿ ಒಂದು ಗಂಟೆಗೆ.

ರೆಕಾರ್ಡ್ ಮಾಡುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ಹೊಸ ಕಂಪನಿ ನಿಮ್ಮ ಹೆಸರಲ್ಲಿ ಎಚ್-1ಬಿ ಅರ್ಜಿ ಹಾಕಿ, ರಶೀದಿ ಬಂದಿದೆಯೇ? ಆಫರ್ ಲೆಟರ್ ಒಂದೇ ಸಾಲದು. ಅರ್ಜಿಗೆ ಮೊದಲು, ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಸಲ್ಲಿಸುವ ಎಲ್‌ಸಿಎ ಎಂಬ ಪತ್ರಕ್ಕೆ ಕಾರ್ಮಿಕ ಇಲಾಖೆಯಿಂದ ಪ್ರಮಾಣೀಕರಣ ಆಗಬೇಕು, ಅದಕ್ಕೇ ಏಳು ಕೆಲಸದ ದಿನ ಹಿಡಿಯುತ್ತದೆ. ಕೆಲಸ ಹೋದ ಮೇಲೆ ಅಲ್ಲಿರಲು ನಿಮಗಿರುವುದು ಹೆಚ್ಚೆಂದರೆ 60 ದಿನ, ಎಲ್ಲಿಯವರೆಗೆ ದೇಶದಲ್ಲಿರಬಹುದು ಅಂತ ತೋರಿಸುವ ಐ-94 ದಾಖಲೆಯ ಅವಧಿ ಅದಕ್ಕೂ ಮೊದಲು ಮುಗಿಯುವುದಾದರೆ ಅಷ್ಟೇ ದಿನ. ಮಾರ್ಚ್ 14 ಕೆಲಸದ ಕೊನೆಯ ದಿನವಾಗಿದ್ದರೆ ಮೇ 13ಕ್ಕೆ ಅರವತ್ತು ತುಂಬುತ್ತದೆ. ಅಷ್ಟರೊಳಗೆ ಅರ್ಜಿ ತಲುಪಿದ್ದರೆ, ಮಂಜೂರಾತಿಗೆ ಕಾಯದೆ ಹೊಸ ಕಡೆ ಕೆಲಸ ಶುರು ಮಾಡಬಹುದು. ಹಾಗಾಗಿ ರಶೀದಿ ಕೈಗೆ ಬಂದ ದಿನ ಹೇಳಿ. ಅದಕ್ಕೆ ಮೊದಲೇ ಹೇಳಿದರೆ ನಿಮ್ಮ ಜೊತೆ ಅವರೂ ದಿನ ಎಣಿಸುತ್ತಾ ಕೂರುತ್ತಾರೆ.

ಇನ್ನು ಮಾತಿನ ವಿಷಯ. ನಿಮ್ಮ ಅಪ್ಪನ ಕಾಲದಲ್ಲಿ ಸೇರಿದ ಕೆಲಸದಲ್ಲೇ ನಿವೃತ್ತಿ. ನಡುವೆ ಯಾರನ್ನಾದರೂ "ಕೆಲಸದಿಂದ ತೆಗೆದರು" ಅಂದರೆ ಅವರಿಂದ ಏನೋ ತಪ್ಪಾಗಿದೆ ಅಂತಲೇ ಅರ್ಥ. ನೀವು "ನನ್ನನ್ನ ತೆಗೆದ್ರು" ಅಂದರೆ ಅವರ ಕಿವಿಗೆ ಬೀಳುವುದು ಆ ಅರ್ಥವೇ. "ಲೇಆಫ್" ಅಂದರೆ ಟಿವಿಯಲ್ಲಿ ನೋಡಿದ್ದೆಲ್ಲ ಕಣ್ಮುಂದೆ ಬರುತ್ತದೆ. ಏನಾಯಿತೋ ಅದನ್ನೇ ಹೇಳಿ: ವಿಭಾಗ ಮುಚ್ಚಿದರೇ, ಎಷ್ಟು ಜನರನ್ನು ಬಿಟ್ಟರು, ನಿಮ್ಮ ಮ್ಯಾನೇಜರ್ ಕೂಡ ಅದರಲ್ಲಿದ್ದರೇ. "ನಾನೇ ಬಿಟ್ಟೆ" ಅಂತ ಸುಳ್ಳು ಹೇಳಬೇಡಿ. ನೆಂಟರಲ್ಲಿ ಯಾರೋ ಒಬ್ಬರಿಗೆ ನಿಜ ಗೊತ್ತಾಗುತ್ತದೆ, ಅವರಿಂದ ಕೇಳಿದರೆ ಅಪ್ಪ ಅಮ್ಮನಿಗೆ ಎರಡು ಪಟ್ಟು ನೋವು.

ಒಂದೇ ಉದ್ದದ ನೋಟ್ ಬೇಡ, ಎರಡು ಮಾಡಿ. ವಯಸ್ಸಾದವರು ಇಂಥದ್ದನ್ನು ನಾಲ್ಕಾರು ಸಲ ಕೇಳುತ್ತಾರೆ. ಉದ್ದದ ನೋಟ್‌ನಲ್ಲಿ ಬೇಕಾದ ಜಾಗಕ್ಕೆ ಬೆರಳಲ್ಲಿ ಎಳೆದು ಹೋಗುವುದು ಅವರಿಗೆ ಕಷ್ಟ. ಮೊದಲನೆಯದು ಅರ್ಧ ನಿಮಿಷ, ಅದರಲ್ಲಿ ಫಲಿತಾಂಶ ಮಾತ್ರ:

"ಅಮ್ಮಾ, ಅಪ್ಪಾ, ನಾನು ಆರಾಮಾಗಿದ್ದೀನಿ. ಒಂದು ಸುದ್ದಿ ಇದೆ. ನಾನು ಕಂಪನಿ ಬದಲಾಯಿಸ್ತಿದ್ದೀನಿ. ಏಪ್ರಿಲ್ 28, ಸೋಮವಾರದಿಂದ ಹೊಸ ಕಡೆ ಕೆಲಸ. ಮಾಡೋದು ಈಗ ಮಾಡ್ತಿದ್ದ ಕೆಲಸಾನೇ. ಇದೇ ಮನೇಲೇ ಇರ್ತೀನಿ, ಇದೇ ಫೋನ್ ನಂಬರ್. ಯಾಕೆ, ಹೇಗೆ ಅಂತ ಇನ್ನೊಂದು ವಾಯ್ಸ್ ಕಳಿಸಿದ್ದೀನಿ, ಇಬ್ರೂ ಜೊತೆಗೆ ಕೂತು ಕೇಳಿ."

ಮನೆ ಬದಲಾಗುವುದಿದ್ದರೆ ಆ ಸಾಲು ಬದಲಿಸಿಕೊಳ್ಳಿ. ಎರಡನೆಯದು:

"ಅಪ್ಪಾ, ಹಳೇ ಕಂಪನಿಯಲ್ಲಿ ನಮ್ಮ ವಿಭಾಗಾನೇ ಮುಚ್ಚಿಬಿಟ್ರು. ನನ್ನೊಬ್ಬನ್ನೇ ಅಲ್ಲ, ನಮ್ಮ ಮ್ಯಾನೇಜರ್ ಸೇರಿ ಎಲ್ಲರನ್ನೂ ಬಿಟ್ರು. ನನ್ನಿಂದ ತಪ್ಪೇನೂ ಆಗಿಲ್ಲ. ಇದು ಮಾರ್ಚ್ 14ಕ್ಕೇ ಆಯ್ತು. ನಿಮಗೆ ಆಗಲೇ ಹೇಳ್ಲಿಲ್ಲ, ಅಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಕ್ಷಮಿಸಿ. ಕೈಯಲ್ಲಿ ಏನೂ ಇಲ್ಲದೆ ಹೇಳೋಕೆ ಧೈರ್ಯ ಬರ್ಲಿಲ್ಲ.

ವೀಸಾ ಏನಾಯ್ತು ಅಂತ ನೀವು ಕೇಳ್ತೀರ. ಕೆಲಸ ಹೋದ್ಮೇಲೂ ಇಲ್ಲಿ ಅರವತ್ತು ದಿನ ಇರೋಕೆ ಕಾನೂನೇ ಅವಕಾಶ ಕೊಡುತ್ತೆ. ಅಷ್ಟರಲ್ಲೇ ಹೊಸ ಕಂಪನಿಯವರು ಅರ್ಜಿ ಹಾಕಿದ್ದಾರೆ, ಸರ್ಕಾರದಿಂದ ರಶೀದಿನೂ ಬಂದಿದೆ. ಆ ರಶೀದಿ ಮೇಲೆ ಕೆಲಸ ಶುರು ಮಾಡಬಹುದು. ಮಂಜೂರಾದ ಪತ್ರ ಇನ್ನೂ ಬರಬೇಕು. ಬಂದ ದಿನವೇ ಹೇಳ್ತೀನಿ.

ಪಾಸ್‌ಪೋರ್ಟಲ್ಲಿ ಹಳೇ ಕಂಪನಿ ಹೆಸರಿದೆಯಲ್ಲ ಅಂತ ಚಿಂತೆ ಮಾಡ್ಬೇಡಿ. ಆ ವೀಸಾ ಸ್ಟ್ಯಾಂಪು ದೇಶದೊಳಕ್ಕೆ ಬರೋಕೆ ಮಾತ್ರ.

ಅಮ್ಮಾ, ದುಡ್ಡಿಗೆ ತೊಂದ್ರೆ ಇಲ್ಲ, ಉಳಿತಾಯ ಇತ್ತು. ನಿಮಗೆ ಕಳಿಸೋದು ನಿಲ್ಲಲ್ಲ. ಯಾರಾದ್ರೂ ಕೇಳಿದ್ರೆ, 'ಕಂಪನಿ ಬದಲಾಯಿಸಿದ್ದಾನೆ, ವಿಭಾಗ ಮುಚ್ಚಿದ್ರಂತೆ' ಅಂತಷ್ಟೇ ಹೇಳು. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೇ ವಿಡಿಯೋ ಕಾಲ್ ಮಾಡ್ತೀನಿ. ಏನೇನು ಕೇಳ್ಬೇಕೋ ಒಂದು ಕಾಗದದಲ್ಲಿ ಬರೆದಿಟ್ಕೊಳ್ಳಿ ಅಪ್ಪಾ."

ಕ್ಷಮೆ ಕೇಳುವ ಸಾಲನ್ನು ತೆಗೆಯಬೇಡಿ. ನಮ್ಮಪ್ಪ ಕೆಲಸ ಹೋದದ್ದಕ್ಕಿಂತ ಹೆಚ್ಚು ಕೇಳಿದ್ದು "ಅಷ್ಟು ದಿನ ಒಬ್ಬಳೇ ಹೇಗಿದ್ದೆ?" ಅಂತ. ದುಡ್ಡಿನ ಸಾಲು ಮಾತ್ರ ನಿಜವಾಗಿದ್ದರೆ ಹೇಳಿ. ಎರಡು ತಿಂಗಳು ಕಳಿಸಲಾಗದಿದ್ದರೆ ಎರಡು ತಿಂಗಳು ಅಂತಲೇ ಹೇಳಿ. ಅವಧಿ ಗೊತ್ತಿದ್ದರೆ ಅವರು ಹೊಂದಿಸಿಕೊಳ್ಳುತ್ತಾರೆ.

ಎರಡು ಮಾತು ಬಾಯಿಂದ ಬರದಂತೆ ನೋಡಿಕೊಳ್ಳಿ. ಒಂದು, "ವೀಸಾ ಪೂರ್ತಿ ಆಯ್ತು." ಅರ್ಜಿ ತಿರಸ್ಕೃತವಾದರೆ ಕೆಲಸ ನಿಲ್ಲಿಸಬೇಕಾಗುತ್ತದೆ. ಕಂಪನಿ ಪ್ರೀಮಿಯಂ ಪ್ರೊಸೆಸಿಂಗ್ ಶುಲ್ಕ ಕಟ್ಟಿದ್ದರೆ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ. ಅದು ಮಂಜೂರಾತಿಯೇ ಆಗಬೇಕೆಂದಿಲ್ಲ, ಹೆಚ್ಚಿನ ದಾಖಲೆ ಕೇಳಿದ ನೋಟಿಸೂ ಇರಬಹುದು. ಕಟ್ಟದಿದ್ದರೆ ತಿಂಗಳುಗಳೇ ಹಿಡಿಯಬಹುದು. ಇನ್ನೊಂದು, "ಸದ್ಯದಲ್ಲೇ ಬರ್ತೀನಿ." ಅಮ್ಮನ ದನಿ ಕೇಳಿದ ಕೂಡಲೇ ನಾನು ಅಂದುಬಿಟ್ಟೆ, ಆಮೇಲೆ ವಕೀಲರು ಮಂಜೂರಾತಿ ಬರುವವರೆಗೆ ದೇಶ ಬಿಡಬೇಡ ಅಂದರು. ಸ್ಟ್ಯಾಂಪಿನ ಅವಧಿ ಉಳಿದಿದ್ದರೆ ಹಳೇ ಕಂಪನಿ ಹೆಸರಿದ್ದರೂ ಹೊಸ ಮಂಜೂರಾತಿ ಪತ್ರದ ಜೊತೆ ವಾಪಸ್ ಬರಬಹುದು. ಮುಗಿದಿದ್ದರೆ ಊರಿಗೆ ಹೋದಾಗ ಕಾನ್ಸುಲೇಟಿನಲ್ಲಿ ಹೊಸದು ಹಾಕಿಸಿಕೊಂಡೇ ಬರಬೇಕು, ಅಪಾಯಿಂಟ್‌ಮೆಂಟ್ ಸಿಗಲು ಕಾಯಬೇಕಾಗಬಹುದು. ಇದನ್ನೆಲ್ಲ ನೋಟ್‌ನಲ್ಲಿ ಹಾಕಬೇಡಿ, ಅಪ್ಪ ಕೇಳಿದರೆ ಭಾನುವಾರ ಹೇಳಿ.

ಅಮ್ಮ "ಹುಷಾರು ತಪ್ಪಿದ್ರೆ?" ಅಂತ ಕೇಳೇ ಕೇಳುತ್ತಾರೆ. ಹೊಸ ಕಂಪನಿಯ ಆರೋಗ್ಯ ವಿಮೆ ಮೊದಲ ದಿನವೇ ಶುರುವೋ, ಮುಂದಿನ ತಿಂಗಳ ಒಂದನೇ ತಾರೀಖಿಗೋ ಅಂತ ಎಚ್‌ಆರ್‌ನವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಡುವಿನ ದಿನಗಳಿಗೆ ಹಳೇ ಕಂಪನಿಯ ವಿಮೆಯನ್ನೇ ಕೋಬ್ರಾ ಎಂಬ ಕಾನೂನಿನ ಮೂಲಕ ಮುಂದುವರಿಸಬಹುದು. ಅದನ್ನು ಆರಿಸಿಕೊಳ್ಳಲು ಕನಿಷ್ಠ 60 ದಿನ ಇರುತ್ತದೆ, ಹಿಂದಿನ ದಿನಗಳ ಕಂತು ಕಟ್ಟಿದರೆ ಆ ದಿನಗಳಿಗೂ ಅನ್ವಯಿಸುತ್ತದೆ.

ನೀವು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದರೆ ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಕಳಿಸಿದ್ದು ಅಲ್ಲಿ ಬೆಳಿಗ್ಗೆ ಏಳಕ್ಕೆ ತಲುಪುತ್ತದೆ. ಎರಡನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು ಒಂದರ ಹಿಂದೆ ಒಂದು ಕಳಿಸಿ. ಕಳಿಸಿ ಮಲಗಬೇಡಿ, ಒಂದು ಗಂಟೆ ಎಚ್ಚರವಿರಿ. ನಮ್ಮಪ್ಪ ಎರಡನೇ ಸಲ ಕಳಿಸಿದ್ದನ್ನು ಕೇಳಿ ಮುಗಿಸಿ, ಹನ್ನೆರಡು ನಿಮಿಷಕ್ಕೆ ಫೋನ್ ಮಾಡಿದರು.